ಆಪ್ ಖರ್ಚು ಒಂದು ತಿಂಗಳು 390, ಇನ್ನೊಂದು ತಿಂಗಳು 439. ನಾನು ತಗೊಂಡಿರೋದು 194ರದ್ದು ಮಾತ್ರ!

ಸುಮಾ_ಓದು

ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯ, ಆದರೆ ತಲೆ ತಿನ್ನುತ್ತಿದೆ.

ಮನೆ ಖರ್ಚನ್ನು ಒಂದು ಶೀಟಿನಲ್ಲಿ ಬರೆದಿಡುತ್ತೇನೆ. ಅದರಲ್ಲಿ "ಆಪ್ ಸ್ಟೋರ್" ಅಂತ ಒಂದು ಸಾಲು ಇದೆ. ಬ್ಯಾಂಕಿನ ಆಪ್ ತಾನೇ ವಿಂಗಡಿಸಿ ತೋರಿಸುವ ಮೊತ್ತವನ್ನು ತಿಂಗಳ ಕೊನೆಗೆ ಅಲ್ಲಿ ಹಾಕಿಬಿಡುತ್ತೇನೆ. ಇಲ್ಲಿ ಬೇರೆ ಬೇರೆ ದೇಶದವರು ಇದ್ದೀರಿ, ಹಾಗಾಗಿ ಬರೀ ಅಂಕಿ ಕೊಡುತ್ತೇನೆ. ಯಾವ ದುಡ್ಡು ಅಂತ ಬೇಕಾದರೂ ಓದಿಕೊಳ್ಳಿ.

ಮಾರ್ಚ್ 390
ಏಪ್ರಿಲ್ 390
ಮೇ 439
ಜೂನ್ 390
ಜುಲೈ 439

ನನ್ನದು ಐಫೋನ್. ಚಂದಾದಾರಿಕೆ ಪಟ್ಟಿ ತೆಗೆದರೆ ಇರುವುದು ಎರಡೇ. ಫೋಟೋ ಇಡಲು ತಗೊಂಡ ಹೆಚ್ಚುವರಿ ಜಾಗಕ್ಕೆ 75, ಹಾಡು ಕೇಳುವುದಕ್ಕೆ 119. ಎರಡೂ ಸೇರಿ 194. ಉಳಿದದ್ದು ಎಲ್ಲಿಗೆ ಹೋಗುತ್ತಿದೆ? ಅದೂ ಒಂದೊಂದು ತಿಂಗಳು ಒಂದೊಂದು ಥರ ಯಾಕೆ? ಬೆಲೆ ಏರಿದ್ದರೆ ಜೂನ್‌ನಲ್ಲಿ ಮತ್ತೆ ಇಳಿಯುತ್ತಿರಲಿಲ್ಲ ಅಲ್ವಾ?

ಬಾಲಂಗೋಚಿ

ಶೀಟ್ ಎಲ್ಲ ಯಾಕೆ ಮೇಡಂ, ಖರ್ಚು ಬರೆದಿಡಲು ಒಳ್ಳೊಳ್ಳೆ ಆಪ್ ಇವೆ. ನಾನು ಬಳಸುವುದರಲ್ಲಿ ಬಣ್ಣಬಣ್ಣದ ಚಕ್ರ ಬರುತ್ತೆ, ಯಾವುದಕ್ಕೆ ಎಷ್ಟು ಹೋಯಿತು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಹೆಸರು ಬೇಕಾದರೆ ಹೇಳಿ.

ಸುಮಾ_ಓದು

ಥ್ಯಾಂಕ್ಸ್, ಆದರೆ ನನ್ನ ಪ್ರಶ್ನೆ ಅದಲ್ಲ. ಎಷ್ಟು ಹೋಯಿತು ಅಂತ ಗೊತ್ತು. ಯಾವುದಕ್ಕೆ ಹೋಯಿತು ಅಂತ ಗೊತ್ತಿಲ್ಲ. (ಆ ಆಪ್‌ಗೂ ತಿಂಗಳ ದುಡ್ಡು ಕೊಡಬೇಕಾ?)

ಬಾಲಂಗೋಚಿ

ಹ್ಞಾಂ, ಕೊಡಬೇಕು 😅

ಪಟಾಕಿ

ಇದು ಕಾರ್ಡ್ ಕದ್ದವರ ಕೆಲಸ. ಮೊದಲು ಸಣ್ಣ ಮೊತ್ತ ಎಳೆದು ನೋಡುತ್ತಾರೆ, ಯಾರೂ ಕೇಳದಿದ್ದರೆ ದೊಡ್ಡದಕ್ಕೆ ಕೈ ಹಾಕುತ್ತಾರೆ. ಈಗಲೇ ಕಾರ್ಡ್ ಬ್ಲಾಕ್ ಮಾಡಿ ಹೊಸದು ತಗೊಳ್ಳಿ. ಹಳೇ ನಂಬರ್ ಸತ್ತರೆ ಅದಕ್ಕೆ ಅಂಟಿಕೊಂಡ ಚಂದಾಗಳೆಲ್ಲ ತಾನಾಗಿ ನಿಂತುಹೋಗುತ್ತವೆ. ಒಂದೇ ಏಟಿಗೆ ಎಲ್ಲ ಕ್ಲೀನ್.

ಹಳೇ ಕೀಬೋರ್ಡ್

ಬ್ಲಾಕ್ ಮಾಡುವ ಮೊದಲು ಸ್ವಲ್ಪ ತಾಳಿ. ಅಂಕಿಗಳನ್ನೇ ನೋಡೋಣ, ಅವೇ ಅರ್ಧ ಉತ್ತರ ಹೇಳುತ್ತಿವೆ.

390ರಲ್ಲಿ ನಿಮ್ಮ 194 ಕಳೆದರೆ 196. 439ರಲ್ಲಿ ಕಳೆದರೆ 245. ಎರಡರ ನಡುವಿನ ವ್ಯತ್ಯಾಸ 49. ಈಗ 196 ಅಂದರೆ 49 ಸಲ 4. 245 ಅಂದರೆ 49 ಸಲ 5. ಅಂದರೆ ಯಾವುದೋ ಒಂದು ಆಪ್ ನಿಮ್ಮಿಂದ ತಿಂಗಳಿಗೆ ಅಲ್ಲ, ವಾರಕ್ಕೆ 49 ತೆಗೆದುಕೊಳ್ಳುತ್ತಿದೆ. ಕೆಲವು ತಿಂಗಳಲ್ಲಿ ವಾರದ ಒಂದೇ ದಿನ ಐದು ಸಲ ಬರುತ್ತೆ. ಮೇ ಮತ್ತು ಜುಲೈನಲ್ಲಿ ಆಗಿರುವುದು ಅಷ್ಟೇ. ಈ ವರ್ಷದ ಕ್ಯಾಲೆಂಡರ್ ತೆಗೆಯಿರಿ. ಮೇ ಮತ್ತು ಜುಲೈನಲ್ಲಿ ಐದು ಸಲ, ಮಾರ್ಚ್, ಏಪ್ರಿಲ್, ಜೂನ್‌ನಲ್ಲಿ ನಾಲ್ಕು ಸಲ ಬರುವ ದಿನ ಯಾವುದು ನೋಡಿ. ನನಗೆ ಗುರುವಾರ ಮಾತ್ರ ಸಿಕ್ಕಿತು.

ಬ್ಯಾಂಕಿನ ಆಪ್ ಕೂಡಿಸಿ ಕೊಟ್ಟ ಮೊತ್ತ ಈ ಕೆಲಸಕ್ಕೆ ಬರುವುದಿಲ್ಲ. ಸ್ಟೇಟ್‌ಮೆಂಟ್ ಇಳಿಸಿಕೊಂಡು ಒಂದೊಂದು ಸಾಲನ್ನೂ ತಾರೀಖಿನ ಜೊತೆ ನೋಡಿ. ಎರಡು ತಾರೀಖು ಇದ್ದರೆ ವ್ಯವಹಾರ ನಡೆದ ದಿನವನ್ನು ನೋಡಿ, ಖಾತೆಗೆ ಬಿದ್ದ ದಿನವನ್ನಲ್ಲ. ಎರಡನೆಯದು ಒಂದೆರಡು ದಿನ ಹಿಂದೆಮುಂದೆ ಆಗುತ್ತೆ, ಲೆಕ್ಕ ಕೆಡುತ್ತೆ.

ಇನ್ನೊಂದು ಮಾತು. ಆಪಲ್ ಕೆಲವು ಸಲ ಹತ್ತಿರ ಹತ್ತಿರದ ಖರೀದಿಗಳನ್ನು ಸೇರಿಸಿ ಒಂದೇ ಮೊತ್ತವಾಗಿ ಕಾರ್ಡಿನಿಂದ ತೆಗೆಯುತ್ತೆ. ಹಾಗಾಗಿ 75 ಮತ್ತು 119 ಬೇರೆ ಬೇರೆ ಕಾಣದೆ 194 ಅಂತ ಒಂದೇ ಸಾಲು ಕಂಡರೆ ಗಾಬರಿ ಬೇಡ. ಎರಡಕ್ಕೂ ಹೆಸರು ಒಂದೇ ಇರುತ್ತೆ, `APPLE.COM/BILL` ಅಂತ. ಒಳಗೆ ಏನಿದೆ ಅಂತ ಬ್ಯಾಂಕಿಗೂ ಗೊತ್ತಿರುವುದಿಲ್ಲ.

ಸುಮಾ_ಓದು

ಅಯ್ಯೋ! ಈಗಷ್ಟೇ ಜುಲೈ ಸ್ಟೇಟ್‌ಮೆಂಟ್ ತೆಗೆದೆ. 3, 10, 17, 24, 31. ಐದು ಸಲ 49. ಎಲ್ಲ ಗುರುವಾರ. ಮಧ್ಯದಲ್ಲಿ ಒಂದು 194.

ಆದರೆ ನನ್ನ ಚಂದಾದಾರಿಕೆ ಪಟ್ಟಿಯಲ್ಲಿ ಅಂಥದ್ದು ಏನೂ ಇಲ್ಲ. ಮುಗಿದುಹೋದವುಗಳ ಸಾಲಿನಲ್ಲೂ ಇಲ್ಲ. ಮೂರು ಸಲ ನೋಡಿದೆ.

ಪಟಾಕಿ

ನಾನು ಹೇಳಿದ್ದು ಅದೇ. ಪಟ್ಟಿಯಲ್ಲಿ ಇಲ್ಲ ಅಂದರೆ ನಿಮ್ಮದಲ್ಲ. ನಿಮ್ಮದಲ್ಲ ಅಂದರೆ ಕಳ್ಳತನ.

ಹಳೇ ಕೀಬೋರ್ಡ್

ಕಳ್ಳರು ವಾರವಾರ ಗುರುವಾರ ಹಾಜರಿ ಹಾಕುವುದು ಕಡಿಮೆ ಪಟಾಕಿಯವರೇ. ಕದ್ದ ಕಾರ್ಡಿನಲ್ಲಿ ಮೊತ್ತವೂ ದಿನವೂ ಅಡ್ಡಾದಿಡ್ಡಿ ಇರುತ್ತೆ. ಇಷ್ಟು ಶಿಸ್ತಾಗಿ ಬಂದರೆ ಅದು ಚಂದಾವೇ.

ಸುಮಾ ಅವರೇ, ಚಂದಾದಾರಿಕೆ ಪಟ್ಟಿ ಕಾರ್ಡಿನದ್ದಲ್ಲ, ಖಾತೆಯದ್ದು. ಆ ಫೋನಿನಲ್ಲಿ ಲಾಗಿನ್ ಆಗಿರುವ ಒಂದು ಖಾತೆಯ ಚಂದಾಗಳು ಮಾತ್ರ ಅಲ್ಲಿ ಕಾಣುತ್ತವೆ. ಅದೇ ಕಾರ್ಡ್ ಇನ್ನೊಂದು ಖಾತೆಗೂ ಸೇರಿಕೊಂಡಿರಬಹುದು. ಹಳೇ ಇಮೇಲ್‌ನಲ್ಲಿ ಮಾಡಿದ ಖಾತೆ ಇದೆಯಾ? ಮನೆಯವರ ಜೊತೆ ಫ್ಯಾಮಿಲಿ ಶೇರಿಂಗ್ ಮಾಡಿದ್ದೀರಾ? ಮಾಡಿದ್ದು ನೀವೇ ಆಗಿದ್ದು, ಖರೀದಿಗಳನ್ನೂ ಹಂಚಿಕೊಂಡಿದ್ದರೆ ಮನೆಯವರು ಕೊಂಡದ್ದೆಲ್ಲ ನಿಮ್ಮ ಕಾರ್ಡಿಗೆ ಬರುತ್ತೆ. ಅವರ ಚಂದಾ ಮಾತ್ರ ನಿಮ್ಮ ಪಟ್ಟಿಯಲ್ಲಿ ಕಾಣುವುದಿಲ್ಲ.

`reportaproblem.apple.com` ಗೆ ಹೋಗಿ ನಿಮ್ಮ ಖಾತೆಯಿಂದ ಲಾಗಿನ್ ಆಗಿ. ಅಲ್ಲಿ ಖಾತೆಯ ಗುರುತನ್ನು ಒತ್ತಿದರೆ ಕುಟುಂಬದವರ ಖರೀದಿಯನ್ನೂ ಆರಿಸಿ ನೋಡಬಹುದು. 49 ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತೆ.

ನಿಧಾನ ನಾಗರಾಜ

ಇದನ್ನು ಓದಿ ನನ್ನ ಜಿಮ್ ನೆನಪಾಯಿತು. ಆರು ತಿಂಗಳಿಂದ ಹೋಗಿಲ್ಲ. ಕಾರ್ಡ್ ಕಳೆದುಹೋಗಿ ಹೊಸದು ಬಂತು, ಇನ್ನು ದುಡ್ಡು ಹೋಗಲ್ಲ ಅಂದುಕೊಂಡೆ. ಆದರೂ ಹೊಸ ಕಾರ್ಡಿನಿಂದಲೇ ಹೋಗುತ್ತಿದೆ! ನಾನಂತೂ ಹೊಸ ನಂಬರ್ ಅವರಿಗೆ ಕೊಟ್ಟೇ ಇಲ್ಲ. ಇದು ಹೇಗೆ ಸಾಧ್ಯ? ಬ್ಯಾಂಕಿನವರು ಮಾರಿಕೊಂಡರಾ?

ಹಳೇ ಕೀಬೋರ್ಡ್

ಮಾರಿಕೊಂಡಿಲ್ಲ, ಅದು ವ್ಯವಸ್ಥೆಯೇ. ಪಟಾಕಿಯವರ "ಒಂದೇ ಏಟಿಗೆ ಎಲ್ಲ ಕ್ಲೀನ್" ಅನ್ನುವುದಕ್ಕೂ ಇದೇ ಉತ್ತರ.

ವೀಸಾದವರದ್ದು ಅಕೌಂಟ್ ಅಪ್‌ಡೇಟರ್ ಅಂತ ಒಂದು ಸೇವೆ ಇದೆ. ಮಾಸ್ಟರ್‌ಕಾರ್ಡ್‌ನವರದ್ದು ಆಟೋಮ್ಯಾಟಿಕ್ ಬಿಲ್ಲಿಂಗ್ ಅಪ್‌ಡೇಟರ್. ಬ್ಯಾಂಕ್ ಹೊಸ ಕಾರ್ಡ್ ಕೊಟ್ಟಾಗ ಹಳೇ ನಂಬರಿಗೆ ಬದಲಾಗಿ ಬಂದ ಹೊಸ ನಂಬರ್, ಹೊಸ ಅವಧಿ ಎರಡೂ ಈ ಸೇವೆಯ ಮೂಲಕ ವ್ಯಾಪಾರಿಗೆ ತಲುಪುತ್ತವೆ. ಕಾರ್ಡ್ ಬದಲಾಯಿತು ಅಂತ ಜನರ ಚಂದಾಗಳು ಮಧ್ಯದಲ್ಲಿ ಕಡಿದುಹೋಗದಿರಲಿ ಅಂತ ಮಾಡಿದ್ದು. ಬೇಕಾದ ಚಂದಾ ಇರುವವರಿಗೆ ಅನುಕೂಲ, ಬೇಡದ್ದು ಇರುವವರಿಗೆ ಕಾಟ.

ಎಲ್ಲ ಬ್ಯಾಂಕ್, ಎಲ್ಲ ವ್ಯಾಪಾರಿಗಳೂ ಇದರಲ್ಲಿ ಇಲ್ಲ. ಹಾಗಾಗಿ ಕಾರ್ಡ್ ಬದಲಿಸಿದರೆ ಕೆಲವು ನಿಲ್ಲುತ್ತವೆ, ಕೆಲವು ನಿಲ್ಲುವುದಿಲ್ಲ. ಯಾವುದು ನಿಲ್ಲುತ್ತೆ ಅಂತ ಮೊದಲೇ ಹೇಳುವುದಕ್ಕೆ ಆಗುವುದಿಲ್ಲ. ನಿಂತರೂ ದುಡ್ಡು ಬರುವುದು ನಿಂತಿತೇ ಹೊರತು ಒಪ್ಪಂದ ಮುಗಿದಿಲ್ಲ. ಜಿಮ್‌ನಂಥ ಕಡೆ ವರ್ಷದ ಕರಾರು ಇದ್ದರೆ ಬಾಕಿ ಬೆಳೆಯುತ್ತಾ ಹೋಗಿ ಒಂದು ದಿನ ವಸೂಲಿಯವರ ಫೋನು ಬರುತ್ತೆ. ನಾಗರಾಜ್, ನಿಮ್ಮ ಕರಾರಿನಲ್ಲಿ ಬಿಡುವುದಕ್ಕೆ ಎಷ್ಟು ದಿನ ಮೊದಲು ತಿಳಿಸಬೇಕು ಅಂತ ಬರೆದಿದೆ ನೋಡಿ, ಬರಹದಲ್ಲೇ ತಿಳಿಸಿ.

ಪಟಾಕಿ

ನಾನು ಹೋದ ವರ್ಷ ಕಾರ್ಡ್ ಬದಲಿಸಿದಾಗ ಮೂರು ಚಂದಾ ನಿಂತವು. ಸುಳ್ಳಲ್ಲ.

ಹಳೇ ಕೀಬೋರ್ಡ್

ಸುಳ್ಳು ಅಂದಿಲ್ಲ ಗುರುಗಳೇ. ಮೂರು ನಿಂತವು ಅಂತ ನಿಮಗೆ ಗೊತ್ತಾಯಿತು. ನಾಲ್ಕನೆಯದು ಇತ್ತಾ, ಅದು ನಿಂತಿತಾ ಅಂತ ನೋಡಿದ್ದೀರಾ?

ಪಟಾಕಿ

ನೋಡ್ತೀನಿ.

ಸುಮಾ_ಓದು

ಸಿಕ್ಕಿತು, ಸಿಕ್ಕಿತು! ಅಮ್ಮನ ಖಾತೆ!

ಫೋಟೋ ಹಂಚಿಕೊಳ್ಳೋಣ ಅಂತ ಅಮ್ಮನನ್ನು ಫ್ಯಾಮಿಲಿಗೆ ಸೇರಿಸಿದ್ದೆ. ಅಮ್ಮನ ಹೆಸರಿನಲ್ಲಿ ಒಂದು ಸ್ಕ್ಯಾನರ್ ಆಪ್ ಇದೆ. ಕಾಗದಪತ್ರ ಫೋಟೋ ತೆಗೆದು ಪಿಡಿಎಫ್ ಮಾಡುವಂಥದ್ದು. "3 ದಿನ ಉಚಿತ, ಆಮೇಲೆ ವಾರಕ್ಕೆ 49." ಫೆಬ್ರವರಿಯಿಂದ ನಡೆಯುತ್ತಿದೆ. ಅಮ್ಮನನ್ನು ಕೇಳಿದರೆ, "ಅದನ್ನು ಆವತ್ತೇ ತೆಗೆದುಹಾಕಿದೆನಲ್ಲ ಮಗಳೇ, ಒಂದೇ ಒಂದು ಕಾಗದ ಕಳಿಸೋದಿತ್ತು" ಅಂದರು. ಫೋನಿನಲ್ಲಿ ಆಪ್ ನಿಜವಾಗಲೂ ಇಲ್ಲ. ಚಂದಾ ಮಾತ್ರ ಗಟ್ಟಿಮುಟ್ಟಾಗಿ ಬದುಕಿದೆ.

ನನ್ನ ಫೋನಿನಿಂದಲೇ ಅದನ್ನು ನಿಲ್ಲಿಸಬಹುದಾ?

ಹಳೇ ಕೀಬೋರ್ಡ್

ಆಗುವುದಿಲ್ಲ. ಚಂದಾ ಯಾವ ಖಾತೆಯಲ್ಲಿ ಶುರುವಾಯಿತೋ ಅದೇ ಖಾತೆಯಿಂದ ನಿಲ್ಲಿಸಬೇಕು. ದುಡ್ಡು ಕೊಡುವವರು ನೀವೇ ಆದರೂ ಅಷ್ಟೇ. ಅಮ್ಮನ ಫೋನ್ ತಗೊಂಡು ಸೆಟ್ಟಿಂಗ್ಸ್ ತೆಗೆಯಿರಿ. ಮೇಲೆ ಅವರ ಹೆಸರು ಒತ್ತಿ, ಸಬ್‌ಸ್ಕ್ರಿಪ್ಶನ್ಸ್ ಒಳಗೆ ಹೋಗಿ ರದ್ದು ಮಾಡಿ. ಅದಾದ ಮೇಲೆ ಅದೇ ಜಾಗದಲ್ಲಿ ಮುಂದಿನ ನವೀಕರಣದ ದಿನದ ಬದಲು ಮುಗಿಯುವ ದಿನ ಕಾಣಬೇಕು. ಅದು ಕಂಡರೆ ಮಾತ್ರ ಕೆಲಸ ಆಯಿತು ಅಂತ ಅರ್ಥ. ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.

ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ ಅನ್ನುವುದು ಆಂಡ್ರಾಯ್ಡ್‌ನಲ್ಲೂ ಹೀಗೇ. ಫೋನಿನಲ್ಲಿರುವುದು ಆಪ್, ಒಪ್ಪಂದ ಇರುವುದು ಸ್ಟೋರ್ ಖಾತೆಯಲ್ಲಿ. ಅಲ್ಲಿಯವರು `play.google.com/store/account/subscriptions` ನೋಡಬೇಕು. ಫೋನಿನಲ್ಲಿ ಎರಡು ಗೂಗಲ್ ಖಾತೆ ಇದ್ದರೆ ಎರಡರಲ್ಲೂ ನೋಡಬೇಕು. ಆಫೀಸಿನ ಖಾತೆಯಲ್ಲಿ ಆಪ್ ಹಾಕಿಕೊಂಡು ಮನೆ ಖಾತೆಯಲ್ಲಿ ಚಂದಾ ಹುಡುಕುವವರನ್ನು ಎಷ್ಟೋ ಕಂಡಿದ್ದೇನೆ.

ವಾಪಸ್ ಕೇಳುವುದಿದ್ದರೆ ಆಗಲೇ ಹೇಳಿದ ಪುಟದಲ್ಲೇ ಕೇಳಬಹುದು. ಹಂಚಿಕೊಂಡ ಕಾರ್ಡಿನಿಂದ ಮನೆಯವರು ಕೊಂಡದ್ದಕ್ಕೂ ಫ್ಯಾಮಿಲಿ ಮಾಡಿದವರು ಅರ್ಜಿ ಹಾಕಬಹುದು. ಕೊಟ್ಟೇ ಕೊಡುತ್ತಾರೆ ಅಂತ ಹೇಳಲಾರೆ. ಆಪ್ ಅಳಿಸಿಯಾಗಿದೆ, ಬಳಸಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಬ್ಯಾಂಕಿಗೆ ಫೋನ್ ಮಾಡಿ "ಇದು ನಾನು ಮಾಡಿದ್ದಲ್ಲ" ಅಂತ ತಕರಾರು ಹಾಕಬೇಡಿ. ಮಾಡಿದ್ದು ನಿಮ್ಮ ಮನೆಯವರೇ. ಬ್ಯಾಂಕ್ ದುಡ್ಡು ಹಿಂದಕ್ಕೆ ಎಳೆದರೆ ಸ್ಟೋರ್ ಆ ಖಾತೆಯನ್ನೇ ತಡೆಹಿಡಿಯಬಹುದು. ಆಗ ನಿಮ್ಮ ಉಳಿದ ಎರಡು ಚಂದಾಗಳಿಗೂ ತೊಂದರೆ.

ಪುಟ್ಟಿ ಅಮ್ಮ

ವಾರಕ್ಕೆ 49 ಅಂದರೆ ತಿಂಗಳಿಗೆ 196 ಅಲ್ವಾ? ಕೇಳಲು ಏನೂ ಅನಿಸುವುದಿಲ್ಲ.

ಹಳೇ ಕೀಬೋರ್ಡ್

ಅಲ್ಲೇ ಇರುವುದು ಆಟ. ವರ್ಷಕ್ಕೆ 48 ವಾರ ಅಲ್ಲ, 52. 49 ಸಲ 52 ಅಂದರೆ 2,548. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 212. ಸುಮಾ ಅವರು ಎರಡು ಬೇಕಾದ ಚಂದಾಗಳಿಗೆ ಕೊಡುವ 194ಕ್ಕಿಂತ ಈ ಒಂದು ಬೇಡದ್ದೇ ಜಾಸ್ತಿ ತಿನ್ನುತ್ತಿತ್ತು. ಇಂಥ ಆಪ್‌ಗಳು ಒಂದೇ ಪರದೆಯಲ್ಲಿ ವಾರದ ಬೆಲೆ ಮತ್ತು ವರ್ಷದ ಬೆಲೆ ಎರಡನ್ನೂ ಇಡುತ್ತವೆ. ವಾರದ್ದು ಸಣ್ಣ ಅಂಕಿಯಾದ್ದರಿಂದ ಕೈ ಅಲ್ಲಿಗೇ ಹೋಗುತ್ತೆ. ಸುಮಾ, ಅಮ್ಮನ ಫೋನಿನಲ್ಲಿ ಆ ಆಪ್‌ನ ವರ್ಷದ ಬೆಲೆ ಎಷ್ಟು ತೋರಿಸುತ್ತೆ ನೋಡಿ, ಕುತೂಹಲಕ್ಕೆ.

ಸುಮಾ_ಓದು

ರದ್ದು ಮಾಡಿದೆ. ಮುಗಿಯುವ ದಿನ ಕಾಣುತ್ತಿದೆ, ಸ್ಕ್ರೀನ್‌ಶಾಟ್ ತೆಗೆದೆ. ಅರ್ಜಿಯೂ ಹಾಕಿದೆ.

ವರ್ಷದ ಬೆಲೆ 499! ವಾರದ ಲೆಕ್ಕದಲ್ಲಿ ಹನ್ನೊಂದನೇ ವಾರಕ್ಕೇ ಅದನ್ನು ದಾಟಿಯಾಗಿದೆ. ಮಾರ್ಚ್‌ನಿಂದ ಜುಲೈವರೆಗೆ ಲೆಕ್ಕ ಹಾಕಿದರೆ 22 ವಾರ, 1,078. ಫೆಬ್ರವರಿಯದ್ದು ಬೇರೆ.

ಅಮ್ಮನಿಗೆ ಮೊತ್ತ ಹೇಳಿಲ್ಲ. ಹೇಳಿದರೆ ಫೋನೇ ಬೇಡ ಅಂತಾರೆ.

ಪುಟ್ಟಿ ಅಮ್ಮ

ಒಳ್ಳೆಯದಾಯಿತು. ಈಗ ನನ್ನ ಪ್ರಶ್ನೆ. ಸುಮಾ ಅವರದ್ದು ವಾರವಾರ ಬರುತ್ತಿದ್ದರಿಂದ ಸಿಕ್ಕಿತು. ನಾನು ಮೂರು ತಿಂಗಳ ಸ್ಟೇಟ್‌ಮೆಂಟ್ ಕೂತು ಗೀಟು ಹಾಕಿ ನೋಡಿದೆ. ಎಲ್ಲ ಸರಿ ಇದೆ ಅಂತ ಸಮಾಧಾನವಾಯಿತು. ಮುಂದಿನ ತಿಂಗಳೇ ಒಂದು ವರ್ಷದ ಚಂದಾ ದೊಡ್ಡದಾಗಿ ಬಂದು ಬಿತ್ತು. ಮಗನ ಕಂಪ್ಯೂಟರಿಗೆ ಹಾಕಿಸಿದ ಆಂಟಿವೈರಸ್. ಆ ಕಂಪ್ಯೂಟರೇ ಈಗ ಮನೆಯಲ್ಲಿಲ್ಲ. ಮೊದಲ ವರ್ಷ ಕೊಟ್ಟದ್ದಕ್ಕಿಂತ ಈ ಸಲ ದುಪ್ಪಟ್ಟಿಗಿಂತ ಜಾಸ್ತಿ.

ಹಳೇ ಕೀಬೋರ್ಡ್

ಮೂರು ತಿಂಗಳು ಸಾಲದು. ಹನ್ನೆರಡೂ ಸ್ವಲ್ಪ ಕಡಿಮೆಯೇ. ನಾನು 13 ತಿಂಗಳು ತಗೊಳ್ಳುತ್ತೇನೆ. ವರ್ಷದ ಚಂದಾ ಪ್ರತಿ ವರ್ಷ ಸರಿಯಾಗಿ ಅದೇ ದಿನ ಬರುತ್ತೆ ಅಂತಿಲ್ಲ. ಕೆಲವರು ಅವಧಿ ಮುಗಿಯುವ ಮೊದಲೇ ತೆಗೆಯುತ್ತಾರೆ, ಕೆಲವು ಸಲ ಕಾರ್ಡ್ ಒಮ್ಮೆ ನಿರಾಕರಿಸಿ ಕೆಲವು ದಿನ ಬಿಟ್ಟು ಮತ್ತೆ ಪ್ರಯತ್ನಿಸುತ್ತಾರೆ. 12 ತಿಂಗಳ ಅಂಚಿನಲ್ಲಿ ಜಾರಿಹೋಗುವುದು ಹದಿಮೂರನೆಯದರಲ್ಲಿ ಸಿಗುತ್ತೆ. ಅದಕ್ಕಿಂತ ಮುಖ್ಯ ಅಂದರೆ, ಒಂದೇ ಹೆಸರು ಎರಡು ಸಲ, ಸುಮಾರು 365 ದಿನದ ಅಂತರದಲ್ಲಿ ಕಂಡರೆ ಅದು ಚಂದಾ ಅಂತ ಬಹುತೇಕ ಖಾತ್ರಿ.

ಮೊತ್ತ ನೋಡಿ ಹುಡುಕಬೇಡಿ, ಅಂತರ ನೋಡಿ ಹುಡುಕಿ. ಮೊತ್ತ ಬದಲಾಗುತ್ತೆ. ಮೊದಲ ವರ್ಷದ ರಿಯಾಯಿತಿ ಮುಗಿಯುತ್ತೆ, ತೆರಿಗೆ ಸೇರುತ್ತೆ, ಬೇರೆ ದೇಶದ ದುಡ್ಡಿನಲ್ಲಿದ್ದರೆ ವಿನಿಮಯದ ದರ ಏರಿಳಿಯುತ್ತೆ. ಆದರೆ ಅಂತರ ಅಷ್ಟು ಬೇಗ ಬದಲಾಗುವುದಿಲ್ಲ. 7 ದಿನ, 28ರಿಂದ 31 ದಿನ, 365 ದಿನ. ಹೆಚ್ಚಿನವು ಈ ಮೂರರಲ್ಲಿ ಒಂದು. ಸ್ಟೇಟ್‌ಮೆಂಟನ್ನು ಶೀಟಿಗೆ ಹಾಕಿ, ಹೆಸರಿನ ಪ್ರಕಾರ ಜೋಡಿಸಿ. ಒಂದೇ ಹೆಸರಿನ ಸಾಲುಗಳು ಪಕ್ಕಪಕ್ಕ ಬಂದಾಗ ಕಣ್ಣಿಗೇ ಕಾಣುತ್ತೆ, ಸೂತ್ರ ಗೀತ್ರ ಏನೂ ಬೇಕಿಲ್ಲ.

ಪುಟ್ಟಿ ಅಮ್ಮ

ಹೆಸರಿನದ್ದೇ ಕಷ್ಟ ಸರ್. ಆಪ್ ಹೆಸರು ಒಂದು, ಸ್ಟೇಟ್‌ಮೆಂಟಿನಲ್ಲಿ ಇನ್ನೇನೋ ಇರುತ್ತೆ. ಒಂದು ಕಡೆ `PADDLE.NET*` ಅಂತ ಇದೆ, ಮುಂದೆ ಅರ್ಧಂಬರ್ಧ ಅಕ್ಷರ. ಅಂಥ ಹೆಸರಿನ ಯಾವುದನ್ನೂ ನಾನು ಕೊಂಡಿಲ್ಲ.

ಹಳೇ ಕೀಬೋರ್ಡ್

ಸ್ಟೇಟ್‌ಮೆಂಟಿನಲ್ಲಿ ವ್ಯಾಪಾರಿಯ ಹೆಸರಿಗೆ ಸಾಮಾನ್ಯವಾಗಿ 22 ಅಕ್ಷರದಷ್ಟೇ ಜಾಗ ಸಿಗುತ್ತೆ. ಅದರಲ್ಲೂ ಮುಂಭಾಗವನ್ನು ಮಧ್ಯವರ್ತಿ ತಿಂದುಬಿಡುತ್ತಾನೆ. ಪ್ಯಾಡಲ್ ಅನ್ನುವವರು ಸಣ್ಣ ಸಾಫ್ಟ್‌ವೇರ್ ಕಂಪನಿಗಳ ಪರವಾಗಿ ದುಡ್ಡು ತೆಗೆದುಕೊಳ್ಳುವವರು. ನಕ್ಷತ್ರದ ಗುರುತಿನ ಆಚೆ ಇರುವುದು ನಿಜವಾದ ವಸ್ತುವಿನ ಹೆಸರು, ಜಾಗ ಸಾಲದೆ ಕತ್ತರಿಸಿಹೋಗಿದೆ. `paddle.net` ಗೆ ಹೋಗಿ ಕೊಂಡಾಗ ಕೊಟ್ಟ ಇಮೇಲ್ ಹಾಕಿ ಹುಡುಕಿದರೆ ಏನು ಅಂತ ಗೊತ್ತಾಗುತ್ತೆ, ಅಲ್ಲಿಂದಲೇ ನಿಲ್ಲಿಸುವ ದಾರಿಯೂ ಸಿಗುತ್ತೆ.

`PAYPAL *` ಅಂತ ಇದ್ದರೆ ಪೇಪಾಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಆಗುವ ಪಾವತಿಗಳ ಪಟ್ಟಿ ಇರುತ್ತೆ. `GOOGLE *` ಅಂತ ಇದ್ದರೆ ಪ್ಲೇ ಸ್ಟೋರ್ ಚಂದಾ ಇರಬಹುದು, ಗೂಗಲ್‌ನದ್ದೇ ಬೇರೆ ಸೇವೆಯೂ ಇರಬಹುದು. ಇದ್ಯಾವುದೂ ಇಲ್ಲದೆ ನೇರವಾಗಿ ಕಂಪನಿ ಹೆಸರು ಇದ್ದರೆ ನೀವು ಅವರ ವೆಬ್‌ಸೈಟಿನಲ್ಲಿ ಕಾರ್ಡ್ ಕೊಟ್ಟಿದ್ದೀರಿ. ಆಗ ಸ್ಟೋರ್ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಅವರ ಸೈಟಿಗೇ ಹೋಗಿ ನಿಲ್ಲಿಸಬೇಕು.

ಶೀಟಿನಲ್ಲಿ ಪ್ರತಿ ಚಂದಾ ಎದುರಿಗೆ ದುಡ್ಡು ಯಾವ ದಾರಿಯಿಂದ ಹೋಗುತ್ತೆ, ಯಾವ ಇಮೇಲಿನ ಖಾತೆ ಅಂತ ಎರಡು ವಿಷಯ ಬರೆದಿಡಿ. ನಿಲ್ಲಿಸಬೇಕಾದಾಗ ಜನ ಒದ್ದಾಡುವುದು ಇವೆರಡಕ್ಕೇ.

ಬಾಲಂಗೋಚಿ

ನಾನು ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ನನ್ನ ಸ್ಟೇಟ್‌ಮೆಂಟ್ ತೆಗೆದೆ. ಮೊದಲು ಹೇಳಿದ ಆ ಖರ್ಚಿನ ಆಪ್ ಇದೆಯಲ್ಲ, ಬಣ್ಣದ ಚಕ್ರದ್ದು, ಅದಕ್ಕೆ ತಿಂಗಳಿಗೆ ಎರಡು ಸಲ ದುಡ್ಡು ಹೋಗುತ್ತಿದೆ! ಒಂದು ಸ್ಟೋರ್ ಹೆಸರಿನಲ್ಲಿ, ಇನ್ನೊಂದು ನೇರ ಕಂಪನಿ ಹೆಸರಿನಲ್ಲಿ.

ಆ ಚಕ್ರದಲ್ಲಿ ಎರಡೂ "ಇತರೆ" ಅನ್ನುವ ಬಣ್ಣದಲ್ಲಿ ಬಿದ್ದಿವೆ.

ಸುಮಾ_ಓದು

😂😂

ಹಳೇ ಕೀಬೋರ್ಡ್

ಇದು ಬಹಳ ಮಾಮೂಲಿ. ಫೋನಿನಲ್ಲಿ ಒಂದು ಇಮೇಲ್‌ನಿಂದ ಶುರು ಮಾಡಿರುತ್ತೀರಿ, ಆಮೇಲೆ ಕಂಪ್ಯೂಟರಿನಲ್ಲಿ ಇನ್ನೊಂದು ಇಮೇಲ್‌ನಿಂದ ಲಾಗಿನ್ ಆಗಿರುತ್ತೀರಿ. ಅವರ ಲೆಕ್ಕದಲ್ಲಿ ನೀವು ಇಬ್ಬರು ಬೇರೆ ಬೇರೆ ಗಿರಾಕಿಗಳು. "ನೀವು ಚಂದಾದಾರರಲ್ಲ" ಅಂತ ಪರದೆ ಹೇಳುತ್ತೆ, ನೀವು ಮತ್ತೆ ಕೊಡುತ್ತೀರಿ.

ಯಾವುದಾದರೂ ಒಂದನ್ನು ನಿಲ್ಲಿಸುವ ಮೊದಲು ನಿಮ್ಮ ಹಳೇ ಲೆಕ್ಕವೆಲ್ಲ ಯಾವ ಖಾತೆಯಲ್ಲಿದೆ ನೋಡಿಕೊಳ್ಳಿ. ತಪ್ಪಾದದ್ದನ್ನು ಕಿತ್ತರೆ ಮಾಹಿತಿಯೂ ಹೋದೀತು.

ನಿಧಾನ ನಾಗರಾಜ

ಮಾಹಿತಿ ಅಂದಾಗ ನೆನಪಾಯಿತು. ನಾನು ಎರಡು ಕಡೆ ಫೋಟೋ ಜಾಗಕ್ಕೆ ದುಡ್ಡು ಕೊಡುತ್ತಿದ್ದೇನೆ, ಐಕ್ಲೌಡ್ ಮತ್ತು ಗೂಗಲ್. ಒಂದನ್ನು ಇವತ್ತೇ ಕಿತ್ತುಹಾಕಲಾ?

ಹಳೇ ಕೀಬೋರ್ಡ್

ಇವತ್ತೇ ಬೇಡ. ಹೆಚ್ಚಿನ ಚಂದಾಗಳನ್ನು ಬೇಡ ಅನಿಸಿದ ದಿನವೇ ನಿಲ್ಲಿಸಬಹುದು, ಜಾಗದ ಚಂದಾ ಮಾತ್ರ ಹಾಗಲ್ಲ. ಐಕ್ಲೌಡ್‌ನಲ್ಲಿ ಜಾಗ ಮೀರಿದರೆ ಹೊಸ ಫೋಟೋ ಮೇಲಕ್ಕೆ ಹೋಗುವುದು, ಬ್ಯಾಕಪ್ ಆಗುವುದು ನಿಲ್ಲುತ್ತೆ. ಗೂಗಲ್‌ನಲ್ಲಿ ಜಾಗ ಮೀರಿದರೆ ಜಿಮೇಲ್‌ಗೂ ಅದೇ ಜಾಗ ಆದ್ದರಿಂದ ಮೇಲ್ ಕಳಿಸುವುದು, ಬರುವುದು ಎರಡೂ ನಿಲ್ಲುತ್ತವೆ. ಎರಡು ವರ್ಷ ಹಾಗೇ ಮೀರಿಕೊಂಡೇ ಇದ್ದರೆ ಅಲ್ಲಿರುವುದನ್ನು ಅಳಿಸಬಹುದು ಅಂತ ಅವರ ನಿಯಮ ಹೇಳುತ್ತೆ. ಮೊದಲು ಒಂದು ಕಡೆಯದ್ದನ್ನು ಇಳಿಸಿಕೊಂಡು, ಉಚಿತ ಜಾಗಕ್ಕೆ ಹಿಡಿಸುವಷ್ಟು ಕಡಿಮೆ ಮಾಡಿ. ಆಮೇಲೆ ಚಂದಾ ನಿಲ್ಲಿಸಿ.

ಪುಟ್ಟಿ ಅಮ್ಮ

ಇನ್ನೊಂದು ಕೇಳಿಬಿಡುತ್ತೇನೆ. ಬೇಕೇ ಬೇಕು ಅನ್ನುವ ಚಂದಾಗಳನ್ನು ವರ್ಷಕ್ಕೆ ಒಮ್ಮೆ ಕಟ್ಟುವುದು ಒಳ್ಳೆಯದಾ, ತಿಂಗಳು ತಿಂಗಳು ಕಟ್ಟುವುದಾ? ವರ್ಷದ್ದು ಅಗ್ಗ.

ಪಟಾಕಿ

ವರ್ಷದ್ದೇ. ಲೆಕ್ಕ ಸ್ಪಷ್ಟ ಇದೆ. ಸುಮಾ ಅವರ ಸ್ಕ್ಯಾನರ್ ನೋಡಿ, 499 ಎಲ್ಲಿ, 2,548 ಎಲ್ಲಿ!

ಸುಮಾ_ಓದು

ಆದರೆ ಅಮ್ಮನಿಗೆ ಬೇಕಿದ್ದದ್ದು ಒಂದು ಕಾಗದ. 499 ಕೊಟ್ಟಿದ್ದರೂ ದಂಡವೇ. ಅಮ್ಮನ ಫೋನಿನ ನೋಟ್ಸ್ ಆಪ್‌ನಲ್ಲೇ ಕಾಗದ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ ಅಂತ ನಿನ್ನೆ ತೋರಿಸಿಕೊಟ್ಟೆ.

ಹಳೇ ಕೀಬೋರ್ಡ್

ನಾನು ಪಟಾಕಿಯವರ ಕಡೆ ಅರ್ಧ, ಸುಮಾ ಅವರ ಕಡೆ ಅರ್ಧ. ಎರಡು ವರ್ಷದಿಂದ ಬಿಡದೆ ಬಳಸುತ್ತಿರುವುದಕ್ಕೆ ವರ್ಷದ್ದು ಸರಿ. ಹೊಸದಾಗಿ ಶುರು ಮಾಡಿದ್ದಕ್ಕೆ ತಿಂಗಳದ್ದೇ ಇರಲಿ, ಜಾಸ್ತಿ ಆದರೂ ಪರವಾಗಿಲ್ಲ. ತಿಂಗಳದ್ದು ಪ್ರತಿ ತಿಂಗಳು ಕಣ್ಣಿಗೆ ಬೀಳುತ್ತೆ, ವರ್ಷದ್ದು ಮರೆತೇ ಹೋಗುತ್ತೆ.

ಪುಟ್ಟಿ ಅಮ್ಮ

ನನಗೆ ಒಪ್ಪಿಗೆ ಆಗಲಿಲ್ಲ. ತಿಂಗಳದ್ದು ಕಣ್ಣಿಗೆ ಬೀಳುತ್ತೆ ಅಂತೀರಿ, ಸುಮಾ ಅವರಿಗೆ ವಾರವಾರ ಬಂದರೂ ಐದು ತಿಂಗಳು ಬೀಳಲಿಲ್ಲವಲ್ಲ? ನಾನಂತೂ ವರ್ಷದ್ದೇ ತಗೊಂಡು, ತಗೊಂಡ ದಿನವೇ ರದ್ದು ಮಾಡಿಬಿಡುತ್ತೇನೆ. ವರ್ಷ ಪೂರ್ತಿ ನಡೆಯುತ್ತೆ, ತಾನಾಗಿ ಮುಂದುವರಿಯುವುದಿಲ್ಲ. ಬೇಕಾದರೆ ಮುಂದಿನ ವರ್ಷ ಮತ್ತೆ ತಗೊಂಡರಾಯಿತು.

ಹಳೇ ಕೀಬೋರ್ಡ್

ಅದು ಒಳ್ಳೆಯ ಉಪಾಯ, ನಾನು ಸೋತೆ. ಎರಡು ಎಚ್ಚರಿಕೆ ಮಾತ್ರ. ದುಡ್ಡು ಕೊಟ್ಟ ಚಂದಾ ಸಾಮಾನ್ಯವಾಗಿ ಅವಧಿ ಮುಗಿಯುವವರೆಗೂ ನಡೆಯುತ್ತೆ, ಆದರೆ ಉಚಿತ ದಿನಗಳಲ್ಲಿ ರದ್ದು ಮಾಡಿದರೆ ಕೆಲವು ಆಗಲೇ ನಿಂತುಬಿಡುತ್ತವೆ. ಮತ್ತೆ ಆಪಲ್‌ನಲ್ಲಿ ಉಚಿತ ಅವಧಿ ಮುಗಿಯುವ ಕನಿಷ್ಠ 24 ಗಂಟೆ ಮೊದಲೇ ರದ್ದು ಮಾಡಬೇಕು. 3 ದಿನದ ಉಚಿತ ಅಂದರೆ ಕೈಯಲ್ಲಿರುವುದು ನಿಜವಾಗಿ ಎರಡೇ ದಿನ.

ಇನ್ನೊಂದು, ಹಳೇ ಬೆಲೆಯಲ್ಲಿ ನಡೆಯುತ್ತಿರುವ ಚಂದಾ ಇದ್ದರೆ ಅದನ್ನು ಬಿಟ್ಟು ಮತ್ತೆ ಸೇರುವಾಗ ಹೊಸ ಬೆಲೆ ಕೇಳಬಹುದು.

ಪಟಾಕಿ

ನೋಡಿದೆ. ನಾಲ್ಕನೆಯದು ಇತ್ತು. ಹೊಸ ಕಾರ್ಡಿನಲ್ಲೇ ನಡೆಯುತ್ತಿದೆ. ಯಾವುದು ಅಂತ ಮಾತ್ರ ಕೇಳಬೇಡಿ.

ಬಾಲಂಗೋಚಿ

ಕೇಳಲೇಬೇಕು! ಯಾವುದು?

ನಿಧಾನ ನಾಗರಾಜ

ಜಿಮ್ ಕರಾರು ತೆಗೆದು ಓದಿದೆ. 30 ದಿನ ಮೊದಲು ಬರಹದಲ್ಲಿ ತಿಳಿಸಬೇಕು ಅಂತಿದೆ. ಇಮೇಲ್ ಬರಹವಾ, ಕಾಗದವೇ ಆಗಬೇಕಾ ಅಂತ ಎಲ್ಲೂ ಬರೆದಿಲ್ಲ. ಯಾರಿಗಾದರೂ ಗೊತ್ತಾ?

ಸುಮಾ_ಓದು

ನಾನಾದರೆ ಎರಡೂ ಕಳಿಸುತ್ತೇನೆ ನಾಗರಾಜ್, ತಲುಪಿದ್ದಕ್ಕೆ ಉತ್ತರವನ್ನೂ ಕೇಳುತ್ತೇನೆ. ನನ್ನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಈ ಗುರುವಾರ ಸ್ಟೇಟ್‌ಮೆಂಟಿನಲ್ಲಿ 49 ಬರಲಿಲ್ಲ. ಅಪ್ಪನ ಫೋನನ್ನೂ ಇದೇ ಫ್ಯಾಮಿಲಿಗೆ ಸೇರಿಸಿದ್ದೇನೆ. ಭಾನುವಾರ ಅದನ್ನೂ ನೋಡಬೇಕು.